ಒಂದೇ ಬೆಂಕಿ, ನಾಲ್ಕು ಗುಡ್ಡೆ: ಕೋಳಿ ಫಾರಂ ವಿಮೆ ಕ್ಲೇಮ್ ಮಾಡಿದ ಅನುಭವ

ನಮ್ಮ ಕೋಳಿ ಫಾರಂನ ವಿಮೆ ಕ್ಲೇಮ್ ಕೊನೆಗೂ ಮುಗಿಯಿತು. ಕೇಳಿದ್ದೆಲ್ಲ ಸಿಗಲಿಲ್ಲ, ಹಾಗಂತ ಬರಿಗೈಯೂ ಆಗಲಿಲ್ಲ. ಎಷ್ಟು ಕೋಳಿ ಸತ್ತವು ಅನ್ನೋದೇ ದೊಡ್ಡ ಪ್ರಶ್ನೆ ಅಂತ ನಾವು ಅಂದುಕೊಂಡಿದ್ದೆವು. ವಿಮೆಯವರಿಗೆ ಅದು ಎರಡನೇ ಪ್ರಶ್ನೆ. ಯಾವ ಕೋಳಿ ಯಾವುದರಿಂದ ಸತ್ತಿತು ಅನ್ನೋದು ಮೊದಲನೇದು. ಬೆಂಕಿಗೆ ಒಂದು ನಿಯಮ, ಕರೆಂಟ್ ಹೋದರೆ ಇನ್ನೊಂದು, ರೋಗಕ್ಕೆ ಮತ್ತೊಂದು. ನಮ್ಮಲ್ಲಿ ಮೂರೂ ಒಂದರ ಹಿಂದೆ ಒಂದು ಬಂದವು. ಹಾಗಾಗಿ ಪಾಲಿಸಿಯ ಹೆಚ್ಚುಕಡಿಮೆ ಎಲ್ಲಾ ಪುಟಗಳನ್ನೂ ತಿರುವಿ ಹಾಕುವ ಹಾಗಾಯಿತು. ಮುಂದೆ ಈ ದಾರಿ ಹಿಡಿಯುವವರಿಗೆ ಉಪಯೋಗವಾಗಲಿ ಅಂತ ನಡೆದ ಹಾಗೇ ಬರೆಯುತ್ತಿದ್ದೇನೆ.

ಮೊದಲು ಫಾರಂ ಬಗ್ಗೆ ಸ್ವಲ್ಪ. ಎರಡು ಶೆಡ್, ಒಂದೊಂದರಲ್ಲಿ 8,000 ಬ್ರಾಯ್ಲರ್. ಎರಡೂ ಮುಚ್ಚಿದ ಶೆಡ್‌ಗಳು. ಒಂದು ತುದಿಯಲ್ಲಿ ಕೂಲಿಂಗ್ ಪ್ಯಾಡ್, ಇನ್ನೊಂದು ತುದಿಯಲ್ಲಿ ಗಾಳಿ ಎಳೆಯುವ ದೊಡ್ಡ ಫ್ಯಾನ್‌ಗಳು. ಮೇನ್ ಪ್ಯಾನೆಲ್ ಮತ್ತು ಲೈನ್ ಕರೆಂಟ್‌ನಿಂದ ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಎರಡೂ ಒಂದನೇ ಶೆಡ್‌ಗೆ ಅಂಟಿಕೊಂಡ ಚಿಕ್ಕ ರೂಮಿನಲ್ಲಿದ್ದವು. ಎರಡನೇ ಶೆಡ್‌ಗೆ ಅಲ್ಲಿಂದಲೇ ಕೇಬಲ್ ಹೋಗುತ್ತಿತ್ತು. ಶೆಡ್ ಕಟ್ಟಿಸಿದ ಕಾಲದಿಂದಲೂ ಹಾಗೇ ಇತ್ತು, ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಪಾಲಿಸಿಯಲ್ಲಿ ಮೂರು ಭಾಗ. ಕಟ್ಟಡ ಮತ್ತು ಸಲಕರಣೆಗೆ ಬೆಂಕಿ ವಿಮೆ. ಕೋಳಿಗಳಿಗೆ ಬೆಂಕಿ, ಸಿಡಿಲು, ಪ್ರವಾಹ ಮತ್ತು ಕೆಲವು ರೋಗಗಳಿಂದ ಆಗುವ ಸಾವಿನ ವಿಮೆ. ಆಮೇಲೆ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಿಕೊಂಡ ವಿದ್ಯುತ್ ವೈಫಲ್ಯದ ಭಾಗ. ಕೋಳಿ ಪಾಲಿಸಿಯಲ್ಲಿ ಕರೆಂಟ್ ಹೋಗಿ ಸತ್ತರೆ ಸಾಮಾನ್ಯವಾಗಿ ಏನೂ ಸಿಗೋದಿಲ್ಲ. ಅದನ್ನು ಹೊರಗಿಡುವ ಸಾಲು ಒಳಗೆಲ್ಲೋ ಇರುತ್ತದೆ. ಮುಚ್ಚಿದ ಶೆಡ್ ಇರುವವರು ಈ ಸಾಲನ್ನು ಮೊದಲು ಹುಡುಕಿ.

ನಮ್ಮ ಕಥೆ ಬೆಂಕಿಯಿಂದಲ್ಲ, ರೋಗದಿಂದ ಶುರುವಾಯಿತು. ಮರಿಗಳಿಗೆ 24 ದಿನವಾದಾಗ ಎರಡನೇ ಶೆಡ್‌ನಲ್ಲಿ ಸಾವು ಜಾಸ್ತಿಯಾಯಿತು. ಅಲ್ಲಿಯವರೆಗೆ ದಿನಕ್ಕೆ ಐದಾರು ಸಾಯುತ್ತಿದ್ದವು. ಅವತ್ತು ಒಮ್ಮೆಗೇ ಇಪ್ಪತ್ತು ದಾಟಿತು. ಕೋಳಿಗಳು ಗರಿ ಕೆದರಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿದ್ದವು, ಹಿಕ್ಕೆ ಬೆಳ್ಳಗೆ ನೀರಾಗಿತ್ತು. ಪಶುವೈದ್ಯರು ಬಂದು ನಾಲ್ಕೈದು ಕೋಳಿ ಕೊಯ್ದು ನೋಡಿದರು. ಬಾಲದ ಬುಡದಲ್ಲಿರುವ ಬರ್ಸಾ ಗ್ರಂಥಿ ಊದಿಕೊಂಡು, ಸುತ್ತ ಹಳದಿ ಲೋಳೆ ಕಟ್ಟಿತ್ತು. ತೊಡೆಯ ಮಾಂಸದಲ್ಲಿ ರಕ್ತದ ಗೆರೆಗಳಿದ್ದವು. ಗುಂಬೊರೊ ಅಂದರು. ನೀರಿಗೆ ವಿಟಮಿನ್ ಹಾಕಲು ಹೇಳಿದರು, ವೈರಸ್‌ಗೆ ಮದ್ದಿಲ್ಲ, ನಾಲ್ಕೈದು ದಿನದಲ್ಲಿ ತಾನೇ ಇಳಿಯುತ್ತದೆ ಅಂದರು. ಹಾಗೇ ಆಯಿತು. ಅಷ್ಟರಲ್ಲಿ 160 ಕೋಳಿ ಹೋಗಿದ್ದವು.

ಹೊರಡುವಾಗ ಡಾಕ್ಟರು ಹೇಳಿದ ಮಾತೇ ಮುಂದೆ ನಮ್ಮನ್ನು ಕಾಪಾಡಿತು. "ಇವತ್ತೇ ವಿಮೆಯವರಿಗೆ ಒಂದು ಮೇಲ್ ಹಾಕಿಬಿಡಿ. ಕ್ಲೇಮ್ ಮಾಡಿ, ಬಿಡಿ, ಅದು ಬೇರೆ ವಿಷಯ. ಗೊತ್ತಿದ್ದೂ ಹೇಳಲಿಲ್ಲ ಅನ್ನೋ ಮಾತು ಬರಬಾರದು" ಅಂದರು. ನಮ್ಮ ಪಾಲಿಸಿಯಲ್ಲೂ ಸಾವು ಮಾಮೂಲಿಗಿಂತ ಏರಿದರೆ ತಕ್ಷಣ ತಿಳಿಸಬೇಕು ಅಂತ ಷರತ್ತಿತ್ತು. ಡಾಕ್ಟರ ಚೀಟಿ, ಕೊಯ್ದ ಕೋಳಿಗಳ ಫೋಟೊ, ದಿನದ ಸಾವಿನ ಲೆಕ್ಕ ಹಾಕಿ ಮೇಲ್ ಕಳಿಸಿದೆ. ಅತ್ತಲಿಂದ ಸ್ವೀಕೃತಿ ಬಂತು, ಅಷ್ಟೇ.

ಕೋಳಿಗೆ 31 ದಿನವಾಗಿದ್ದಾಗ ಬೆಂಕಿ ಬಿತ್ತು. ಮಧ್ಯಾಹ್ನ, ಒಳ್ಳೆ ಬಿಸಿಲು. ಪ್ಯಾನೆಲ್ ರೂಮಿನಿಂದ ಹೊಗೆ ಬರುತ್ತಿರುವುದನ್ನು ಕೆಲಸದ ಹುಡುಗ ಮೊದಲು ನೋಡಿದ. ಅಲ್ಲಿಂದ ಒಂದನೇ ಶೆಡ್‌ನ ಸೀಲಿಂಗ್‌ಗೆ ಹತ್ತಿದ ಬೆಂಕಿ, ಫೋಮ್ ಶೀಟ್ ಹಿಡಿದು ಓಡಿತು. ಅಗ್ನಿಶಾಮಕದವರು ಬರುವ ಹೊತ್ತಿಗೆ ಶೆಡ್‌ನ ಮೂರನೇ ಒಂದು ಭಾಗ ಹೋಗಿತ್ತು. ಸುಟ್ಟು ಸತ್ತವು ಕಡಿಮೆ, ಹೊಗೆಗೆ ಸತ್ತವೇ ಜಾಸ್ತಿ. ಒಟ್ಟು 4,600.

ನಾವೆಲ್ಲ ಅಲ್ಲಿ ಬೆಂಕಿಯ ಹಿಂದೆ ಬಿದ್ದಿದ್ದಾಗ ಎರಡನೇ ಶೆಡ್‌ನ ಫ್ಯಾನ್‌ಗಳು ನಿಂತಿದ್ದವು. ಜನರೇಟರ್ ತಾನಾಗಿ ಶುರುವಾಗಿ ಗುಡುಗುತ್ತಿತ್ತು. ಆದರೆ ಅದರ ಕರೆಂಟ್ ಹೋಗಬೇಕಾದ ಚೇಂಜ್‌ಓವರ್ ಉರಿಯುವ ರೂಮಿನೊಳಗೇ ಇತ್ತು. 31 ದಿನದ ಬ್ರಾಯ್ಲರ್ ಒಂದೊಂದೂ ಹತ್ತು ಹದಿನೈದು ವ್ಯಾಟ್ ಶಾಖ ಬಿಡುತ್ತದೆ. ಏಳೂವರೆ ಸಾವಿರಕ್ಕೂ ಜಾಸ್ತಿ ಕೋಳಿ ಇದ್ದ ಶೆಡ್ ಅಂದರೆ 1,000 ವ್ಯಾಟ್‌ನ ಸುಮಾರು ನೂರು ಹೀಟರ್‌ಗಳನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಉರಿಸಿದ ಹಾಗೆ. ಬಾಗಿಲು ತೆಗೆದು, ಪಕ್ಕದ ಪರದೆ ಇಳಿಸಿ, ನೀರು ಚಿಮುಕಿಸಿದೆವು. ಅಷ್ಟರಲ್ಲಿ ಫ್ಯಾನ್ ತುದಿಯ ಕಡೆ ಕೋಳಿಗಳು ಒಂದರ ಮೇಲೊಂದು ಬಿದ್ದು ಸತ್ತಿದ್ದವು. 2,700.

ಬೆಂಕಿ ಆರಿದ ಮೇಲೆ ವಿಮೆಯವರಿಗೆ ಫೋನ್, ಕೂಡಲೇ ಮೇಲ್. ಬರೀ ಫೋನ್ ಮಾಡಿ ಬಿಡಬೇಡಿ. 24 ಗಂಟೆಯ ಷರತ್ತು ನಮ್ಮಲ್ಲಿತ್ತು, ಮೇಲ್‌ನಲ್ಲಿ ಸಮಯ ಇರುತ್ತದೆ. ನಷ್ಟ ಅಂದಾಜು ಮಾಡುವ ಸರ್ವೇಯರ್ ಮರುದಿನ ಬರುತ್ತಾರೆ, ಅಲ್ಲಿಯವರೆಗೆ ಏನೂ ಮುಟ್ಟಬೇಡಿ ಅಂದರು.

ಆ ಬಿಸಿಲಿಗೆ ಏಳು ಸಾವಿರ ಸತ್ತ ಕೋಳಿ ಇಟ್ಟುಕೊಂಡು ಮುಟ್ಟದೆ ಇರೋದು ಹೇಗೆ? ಬದುಕಿದವು ಅವುಗಳ ನಡುವೆಯೇ ಇದ್ದವು. ಅದಕ್ಕಿಂತ ದೊಡ್ಡ ತೊಂದರೆ ಪೋಸ್ಟ್‌ಮಾರ್ಟಂನದು. ಶಾಖಕ್ಕೆ ಸತ್ತ ಕೋಳಿ ಕೆಲವೇ ಗಂಟೆಯಲ್ಲಿ ಕೊಳೆಯಲು ಶುರುವಾಗುತ್ತದೆ, ಆಮೇಲೆ ಕೊಯ್ದರೆ ಏನೂ ಹೇಳಲು ಬರೋದಿಲ್ಲ. ಡಾಕ್ಟರನ್ನು ಆವತ್ತು ಸಂಜೆಯೇ ಕರೆಸಿದೆವು. ವಿಮೆಯವರಿಗೆ ಇನ್ನೊಂದು ಮೇಲ್ ಹಾಕಿದೆವು: ಬದುಕಿದ ಕೋಳಿ ಉಳಿಸಿಕೊಳ್ಳಲು ಸತ್ತವನ್ನು ಹೊರಗೆ ತೆಗೆಯುತ್ತಿದ್ದೇವೆ, ಶೆಡ್‌ವಾರು ಬೇರೆ ಬೇರೆ ಇಡುತ್ತೇವೆ, ಪೂರ್ತಿ ವಿಡಿಯೊ ಮಾಡುತ್ತೇವೆ, ಬೇಡ ಅಂದರೆ ಈಗಲೇ ತಿಳಿಸಿ. ಯಾರೂ ಬೇಡ ಅನ್ನಲಿಲ್ಲ.

ಎರಡು ಶೆಡ್‌ನ ಕೋಳಿಗಳನ್ನು ಒಂದೇ ಗುಂಡಿಗೆ ಹಾಕೋಣ ಅಂತ ಹುಡುಗರು ಹೊರಟಿದ್ದರು. ಡಾಕ್ಟರು ತಡೆದರು. ಒಂದನೇ ಶೆಡ್‌ನದು ಒಂದು ಕಡೆ, ಎರಡನೇದು ಇನ್ನೊಂದು ಕಡೆ, ಐವತ್ತೈವತ್ತರ ಸಾಲು. ಪ್ರತಿ ಸಾಲಿಗೂ ಶೆಡ್ ನಂಬರ್ ಬರೆದ ಚೀಟಿ ಇಟ್ಟು ಫೋಟೊ. ರಾತ್ರಿಯೆಲ್ಲ ಅದೇ ಕೆಲಸ. ಆ ಹೊತ್ತಿನಲ್ಲಿ ಇದೆಲ್ಲ ಬೇಕಾ ಅಂತ ನನಗೂ ಅನ್ನಿಸಿತು, ತಲೆ ಓಡುತ್ತಿರಲಿಲ್ಲ. ಆದರೆ ಕ್ಲೇಮ್ ನಿಂತಿದ್ದು ಆ ಸಾಲುಗಳ ಮೇಲೆಯೇ.

ಕೊಯ್ದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಒಂದನೇ ಶೆಡ್‌ನ ಕೋಳಿಗಳ ಗಾಳಿಕೊಳವೆ ಸೀಳಿದರೆ ಒಳಗೋಡೆಗೆ ಕಪ್ಪು ಮಸಿ ಅಂಟಿತ್ತು, ರಕ್ತ ಎದ್ದು ಕಾಣುವಷ್ಟು ಕೆಂಪಗಿತ್ತು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಸೇರಿದರೆ ಹಾಗಾಗುತ್ತದೆ. ಎರಡನೇ ಶೆಡ್‌ನವುಗಳಲ್ಲಿ ಮಸಿ ಇರಲಿಲ್ಲ. ಎದೆಯ ಮಾಂಸ ಅರೆಬೆಂದ ಹಾಗೆ ಬಿಳಚಿತ್ತು, ಶ್ವಾಸಕೋಶದಲ್ಲಿ ರಕ್ತ ಕಟ್ಟಿತ್ತು, ಬಾಯಲ್ಲಿ ಲೋಳೆ. ಗುಂಬೊರೊದ ಊದಿದ ಬರ್ಸಾ ಇವುಗಳಲ್ಲಿ ಇರಲಿಲ್ಲ. ರೋಗ ತಗುಲಿ ಚೇತರಿಸಿಕೊಂಡ ಕೆಲವದರಲ್ಲಿ ಅದು ಸಣ್ಣಗೆ ಕುಗ್ಗಿತ್ತು. ಇದನ್ನೆಲ್ಲ ಡಾಕ್ಟರು ಶೆಡ್‌ವಾರು ಬೇರೆ ಬೇರೆ ವರದಿಯಲ್ಲಿ ಬರೆದು, ಅಂಗಾಂಶದ ಚೂರುಗಳನ್ನು ಫಾರ್ಮಲಿನ್‌ನಲ್ಲಿ ಹಾಕಿಟ್ಟರು. ನೀವು ಪೋಸ್ಟ್‌ಮಾರ್ಟಂ ಮಾಡಿಸಿದರೆ "ಸಾಮೂಹಿಕ ಸಾವು" ಅಂತ ಒಂದೇ ಸಾಲಿನ ವರದಿ ತೆಗೆದುಕೊಳ್ಳಬೇಡಿ. ಏನು ಕಂಡಿತು, ಏನು ಕಾಣಲಿಲ್ಲ, ಎರಡನ್ನೂ ಬರೆಸಿಕೊಳ್ಳಿ. ನಮಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು "ಕಾಣಲಿಲ್ಲ" ಅನ್ನುವ ಸಾಲುಗಳು.

ಮರುದಿನ ಬಂದ ಸರ್ವೇಯರ್ ಕಡಿಮೆ ಮಾತಿನ ಮನುಷ್ಯ. ಸಾಲುಗಳಲ್ಲಿ ಅಲ್ಲಲ್ಲಿ ಎಣಿಸಿದರು. ಆಮೇಲೆ ಕೇಳಿದ್ದು ಫೀಡ್ ರಿಜಿಸ್ಟರ್. ನನಗೆ ಆಶ್ಚರ್ಯವಾಯಿತು, ಕೋಳಿ ಸತ್ತದ್ದಕ್ಕೂ ಫೀಡ್‌ಗೂ ಏನು ಸಂಬಂಧ? ಅವರ ಲೆಕ್ಕ ಸರಳ. ಆ ವಯಸ್ಸಿನ ಬ್ರಾಯ್ಲರ್ ದಿನಕ್ಕೆ ಸುಮಾರು 150 ಗ್ರಾಂ ತಿನ್ನುತ್ತದೆ. ಎರಡನೇ ಶೆಡ್‌ನಲ್ಲಿ 7,670 ಕೋಳಿ ಇದ್ದವು ಅಂತ ನಾನು ಹೇಳಿದ್ದೆ. ಹಾಗಿದ್ದರೆ ಹಿಂದಿನ ದಿನ 1,150 ಕಿಲೋ ಆಸುಪಾಸು, ಅಂದರೆ 50 ಕಿಲೋದ 23 ಚೀಲ ಹೋಗಿರಬೇಕು. ರಿಜಿಸ್ಟರ್‌ನಲ್ಲಿ 23 ಇತ್ತು. ಅವರು ಪೆನ್ನಿನಲ್ಲಿ ಒಂದು ಟಿಕ್ ಹಾಕಿದರು. ಮರಿ ಬಂದ ಬಿಲ್, ದಿನದ ಸಾವಿನ ಪಟ್ಟಿ, ಫೀಡ್ ಚೀಲ, ಈ ಮೂರೂ ಒಂದಕ್ಕೊಂದು ತಾಳೆಯಾದರೆ ಕೋಳಿಯ ಸಂಖ್ಯೆ ಬಗ್ಗೆ ಆಮೇಲೆ ಯಾರೂ ತಕರಾರು ತೆಗೆಯೋದಿಲ್ಲ.

ಹೂಳಲು ಅನುಮತಿ ಕೇಳಿದಾಗ ಅವರು ಬಾಯಿಮಾತಿನಲ್ಲಿ ಸರಿ ಅಂದರು. ನಾನು ಬಿಡಲಿಲ್ಲ, "ಸರ್, ಒಂದು ಸಾಲು ಮೇಲ್ ಹಾಕಿಬಿಡಿ" ಅಂದೆ. ಮುಖ ಸ್ವಲ್ಪ ಸಣ್ಣದಾಯಿತು, ಆದರೂ ಅಲ್ಲೇ ನಿಂತು ಕಳಿಸಿದರು. ಸುಣ್ಣ ಹಾಕಿ ಹೂಳಿದೆವು. ಆ ಖರ್ಚು ಕ್ಲೇಮ್‌ನಲ್ಲಿ ಸೇರಲಿಲ್ಲ. ನಮ್ಮ ಪಾಲಿಸಿಯಲ್ಲಿ ಸುಟ್ಟ ಕಟ್ಟಡದ ಅವಶೇಷ ತೆಗೆಯಲು ದುಡ್ಡಿತ್ತು, ಸತ್ತ ಕೋಳಿ ವಿಲೇವಾರಿಗೆ ಇರಲಿಲ್ಲ.

ಆಮೇಲೆ ಎದುರಾದದ್ದು ನಾವು ನೆನೆಸಿಯೇ ಇರದ ವಿಷಯ, ಹಕ್ಕಿಜ್ವರ. ಬೆಂಕಿಯಲ್ಲಿ ಸತ್ತವಕ್ಕೆ ಹಕ್ಕಿಜ್ವರದ ಪರೀಕ್ಷೆ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಸಿಟ್ಟಾದರು. ಆದರೆ ಎರಡನೇ ಶೆಡ್‌ನಲ್ಲಿ ಮೈಮೇಲೆ ಗಾಯವಿಲ್ಲದೆ ಒಂದೇ ದಿನ ಸಾವಿರಾರು ಕೋಳಿ ಸತ್ತಿದ್ದವು, ಹಿಂದಿನ ವಾರವೇ ರೋಗದ ಮೇಲ್ ಹೋಗಿತ್ತು. ಪಾಲಿಸಿಯಲ್ಲಿ ಹಕ್ಕಿಜ್ವರ ಪೂರ್ತಿ ಹೊರಗೆ. ಅದರಿಂದ ಸತ್ತರೂ ಇಲ್ಲ, ಅಧಿಕಾರಿಗಳ ಆದೇಶದಂತೆ ಕೊಂದರೂ ಇಲ್ಲ, ಸುತ್ತಲಿನ ಪ್ರದೇಶಕ್ಕೆ ನಿರ್ಬಂಧ ಹಾಕಿ ಮಾರಾಟ ನಿಂತರೂ ಇಲ್ಲ. ಅದು ಇಲ್ಲ ಅಂತ ಖಚಿತವಾಗುವವರೆಗೆ ಕಡತ ಮುಂದೆ ಹೋಗೋದಿಲ್ಲ ಅಂದರು. ಡಾಕ್ಟರು ಸಂಜೆಯೇ ಗಾಳಿಕೊಳವೆ ಮತ್ತು ಗುದದ್ವಾರದಿಂದ ಸ್ವಾಬ್ ತೆಗೆದು ಐಸ್‌ನಲ್ಲಿ ಇಟ್ಟಿದ್ದರು. ಅವು ಇಲ್ಲದೇ ಹೋಗಿದ್ದರೆ ಹೂತ ಕೋಳಿಗಳನ್ನು ತೋಡಿಸಬೇಕಾಗುತ್ತಿತ್ತೋ ಏನೋ. ಪಿಸಿಆರ್ ವರದಿ ನೆಗೆಟಿವ್ ಬಂತು. ಆದರೆ ಅದು ಬರುವವರೆಗೆ ಬದುಕಿದ ಕೋಳಿಗಳನ್ನು ಮಾರುವ ಹಾಗಿರಲಿಲ್ಲ. ಅವು ದಿನಾ ತಿನ್ನುತ್ತಿದ್ದವು, ಸರಿಯಾಗಿ ತೂಕ ಬರುತ್ತಿರಲಿಲ್ಲ. ತೂಕ ಕಡಿಮೆಯಾದ ನಷ್ಟಕ್ಕೂ ವಿಮೆ ಇಲ್ಲ. ಕಾಯುತ್ತಾ ಕೂರೋದು ಬೆಂಕಿಗಿಂತ ಜಾಸ್ತಿ ಸುಸ್ತು ಮಾಡಿತು.

ಮಧ್ಯೆ ವಿಮೆಯವರ ಕಡೆಯ ಎಲೆಕ್ಟ್ರಿಕಲ್ ತಜ್ಞರು ಬಂದು ಸುಟ್ಟ ಪ್ಯಾನೆಲ್ ಜಾಲಾಡಿದರು. ಒಂದು ತಂತಿಯ ತುದಿಯಲ್ಲಿ ತಾಮ್ರ ಕರಗಿ ಗುಂಡು ಮಣಿಯಾಗಿತ್ತು. ಅದನ್ನು ತೋರಿಸಿ, ಸಡಿಲವಾದ ಟರ್ಮಿನಲ್ ಬಿಸಿಯಾಗಿ ಕಿಡಿ ಹಾರಿದೆ, ಒಳಗೆ ಕೂತ ಕೋಳಿ ಶೆಡ್‌ನ ಧೂಳು ಹೊತ್ತಿಕೊಂಡಿದೆ ಅಂದರು. ವರ್ಷಕ್ಕೊಮ್ಮೆ ವೈರಿಂಗ್ ತಪಾಸಣೆ ಮಾಡಿಸಬೇಕು ಅನ್ನುವ ಷರತ್ತಿತ್ತು. ನಮ್ಮ ಪ್ರಮಾಣಪತ್ರದ ಅವಧಿ ಮುಗಿದಿರಲಿಲ್ಲ. ಆದರೂ ಪ್ಯಾನೆಲ್‌ನ ಬೆಲೆ ಸಿಗಲಿಲ್ಲ. ಬೆಂಕಿ ವಿಮೆಯಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ. ಯಾವ ವಿದ್ಯುತ್ ಸಲಕರಣೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆಯಿತೋ ಆ ಸಲಕರಣೆಗೆ ಪರಿಹಾರವಿಲ್ಲ, ಅದರಿಂದ ಹಬ್ಬಿದ ಬೆಂಕಿಗೆ ಸುಟ್ಟ ಉಳಿದದ್ದಕ್ಕೆ ಇದೆ. ಪಕ್ಕದಲ್ಲೇ ಗೋಡೆಗೆ ಹಾಕಿದ್ದ ಚೇಂಜ್‌ಓವರ್ ಬೇರೆ ಪೆಟ್ಟಿಗೆಯಾಗಿದ್ದರಿಂದ ಅದಕ್ಕೆ ಸಿಕ್ಕಿತು.

ಕಟ್ಟಡದಲ್ಲಿ ಪೆಟ್ಟು ಬಿದ್ದದ್ದು ವಿಮಾ ಮೊತ್ತದಲ್ಲಿ. ಪಾಲಿಸಿ ಮಾಡುವಾಗ ಬ್ಯಾಂಕಿನವರು ಸಾಲದ ಮೊತ್ತಕ್ಕೆ ಸರಿಯಾಗಿ ಶೆಡ್‌ನ ವಿಮೆ ಬರೆಸಿದ್ದರು. ಶೆಡ್‌ನ ನಿಜವಾದ ಬೆಲೆ ನಾಲ್ಕು ಪಾಲಾದರೆ ವಿಮೆ ಇದ್ದದ್ದು ಮೂರು ಪಾಲಿಗೆ. ಸುಟ್ಟದ್ದು ಮೂರನೇ ಒಂದು ಭಾಗ ತಾನೇ, ಮೊತ್ತದೊಳಗೇ ಬರುತ್ತದಲ್ವಾ ಅಂತ ನಮ್ಮ ಲೆಕ್ಕ. ಹಾಗಲ್ಲವಂತೆ. ವಿಮೆ ಮುಕ್ಕಾಲು ಇದ್ದರೆ ನಷ್ಟ ಎಷ್ಟು ಸಣ್ಣದಾದರೂ ಅದರ ಮುಕ್ಕಾಲು ಪಾಲೇ ಸಿಗೋದು, ಉಳಿದ ಕಾಲು ಭಾಗಕ್ಕೆ ನೀವೇ ವಿಮಾದಾರರು ಅನ್ನೋದು ಅವರ ನಿಯಮ. ಅದಕ್ಕೂ ಮೊದಲು ಹಳೇ ಶೀಟು, ಹಳೇ ಫೋಮ್ ಅಂತ ಸವಕಳಿ ಕಳೆದಿದ್ದರು. ಹೊಸದಾಗಿ ಕಟ್ಟಲು ಏನು ಬೇಕೋ ಅಷ್ಟಕ್ಕೆ ಪಾಲಿಸಿ ಮಾಡಿಸಲು ಬರುತ್ತದೆ, ಪ್ರೀಮಿಯಂ ಸ್ವಲ್ಪ ಜಾಸ್ತಿ. ಸಾಲದ ಮೊತ್ತ ಬ್ಯಾಂಕಿನ ರಕ್ಷಣೆಗೆ. ಶೆಡ್‌ನ ಮೊತ್ತ ನಿಮ್ಮದಕ್ಕೆ. ಎರಡೂ ಬೇರೆ.

ನಿಜವಾದ ಜಗಳ ನಡೆದದ್ದು ಎರಡನೇ ಶೆಡ್‌ನ 2,700 ಕೋಳಿಗಳ ಮೇಲೆ.

ವಿಮೆಯವರ ಮೊದಲ ಕರಡು ಹೀಗಿತ್ತು: ಎರಡನೇ ಶೆಡ್‌ಗೆ ಬೆಂಕಿ ತಗುಲಿಲ್ಲ, ಕರೆಂಟ್ ಹೋಗಿ ಫ್ಯಾನ್ ನಿಂತು ಸತ್ತಿವೆ, ಹಾಗಾಗಿ ಇದು ವಿದ್ಯುತ್ ವೈಫಲ್ಯದ ಕ್ಲೇಮ್. ಕೇಳಿದರೆ ಸರಿಯೆನ್ನಿಸುತ್ತದೆ. ಆದರೆ ಎರಡು ಭಾಗಗಳ ಕಡಿತ ಬೇರೆ ಬೇರೆ. ನಮ್ಮ ಪಾಲಿಸಿಯಲ್ಲಿ ಬೆಂಕಿಗೆ 10 ಶೇಕಡಾ ನಮ್ಮ ತಲೆಗೆ. ವಿದ್ಯುತ್ ವೈಫಲ್ಯಕ್ಕೆ 20 ಶೇಕಡಾ, ಜೊತೆಗೆ ಶೆಡ್‌ಗೆ ಹಾಕಿದ ಕೋಳಿಗಳ ಕಾಲು ಭಾಗಕ್ಕಿಂತ ಜಾಸ್ತಿ ಕೊಡೋದಿಲ್ಲ ಅನ್ನುವ ಮಿತಿ. ದುಡ್ಡಿನ ಬದಲು ಕೋಳಿಯಲ್ಲೇ ಲೆಕ್ಕ ಹಾಕಿ ನೋಡಿ. ಬೆಂಕಿ ಅಂದರೆ 2,700ರಲ್ಲಿ 270 ಕಳೆದು 2,430 ಕೋಳಿಗಳ ಬೆಲೆ. ವಿದ್ಯುತ್ ಅಂದರೆ 540 ಕಳೆದು 2,160, ಅದೂ 8,000ದ ಕಾಲು ಭಾಗ ದಾಟುವ ಹಾಗಿಲ್ಲ, ಅಂದರೆ 2,000. ಒಂದು ಪದದ ಮೇಲೆ 430 ಕೋಳಿ.

ನಮಗೆ ನೆರವಾದ ಪರಿಚಯದ ವಕೀಲರು ಪಾಲಿಸಿ ಓದಿ ಒಂದೇ ಪ್ರಶ್ನೆ ಕೇಳಿದರು. "ಕರೆಂಟ್ ಯಾಕೆ ಹೋಯಿತು?" ಬೆಂಕಿಯಿಂದ. "ಮಧ್ಯೆ ಬೇರೆ ಏನಾದರೂ ಬಂತಾ?" ಇಲ್ಲ. ವಿಮೆಯಲ್ಲಿ ನೋಡೋದು ಕೊನೆಗೆ ಏನಾಯಿತು ಅಂತಲ್ಲ, ಎಲ್ಲವನ್ನೂ ಶುರುಮಾಡಿ ಕೊನೆಯವರೆಗೆ ಎಳೆದು ತಂದ ಮುಖ್ಯ ಕಾರಣ ಯಾವುದು ಅಂತ. ಸರಪಳಿ ಎಲ್ಲೂ ಕಡಿಯದಿದ್ದರೆ ಮೊದಲ ಕೊಂಡಿಯೇ ಲೆಕ್ಕ. ವಿದ್ಯುತ್ ವೈಫಲ್ಯವನ್ನು ಹೊರಗಿಡುವ ಸಾಲನ್ನೂ ಅವರು ಪೂರ್ತಿ ಓದಿಸಿದರು. "ವಿಮೆಯಿರುವ ಅಪಾಯದಿಂದ ಉಂಟಾದದ್ದನ್ನು ಬಿಟ್ಟು" ಅಂತ ಅದರ ಬಾಲದಲ್ಲಿತ್ತು. ಈ ಬಾಲ ಎಲ್ಲಾ ಪಾಲಿಸಿಯಲ್ಲೂ ಇರೋದಿಲ್ಲ, ಆದ್ದರಿಂದ ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ.

ಸರಪಳಿ ಕಡಿಯಲಿಲ್ಲ ಅಂತ ತೋರಿಸಬೇಕಾದದ್ದು ನಾವು. ವಿಮೆಯವರು ಎರಡು ಕಡೆ ಕೈ ಹಾಕಿದರು. ಒಂದು, ಜನರೇಟರ್ ಕೆಟ್ಟಿತ್ತು ಅಂತ. ಹಾಗಾಗಿದ್ದರೆ ಅದು ನಿರ್ವಹಣೆಯ ಲೋಪ, ಬೆಂಕಿಯ ಸರಪಳಿ ಅಲ್ಲಿಗೆ ಕಡಿಯುತ್ತದೆ. ನಮ್ಮಲ್ಲಿ ವಾರಕ್ಕೊಮ್ಮೆ ಫ್ಯಾನ್‌ಗಳ ಲೋಡ್ ಹಾಕಿ ಜನರೇಟರ್ ಓಡಿಸುವ ರಿಜಿಸ್ಟರ್ ಇತ್ತು: ದಿನಾಂಕ, ಎಷ್ಟು ನಿಮಿಷ, ಡೀಸೆಲ್ ಮಟ್ಟ, ಸಹಿ. ಬರೀ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಅದನ್ನು ಪರೀಕ್ಷೆ ಅಂತ ಅವರು ಒಪ್ಪೋದಿಲ್ಲ. ಬೆಂಕಿಯ ದಿನ ಅದು ಓಡಿತ್ತು ಅನ್ನೋದಕ್ಕೆ ಗಂಟೆ ತೋರಿಸುವ ಮೀಟರ್ ಇತ್ತು. ನಾನು ಮಾಡಿದ ವಿಡಿಯೊದಲ್ಲಿ ಹಿಂದೆ ಅದರ ಸದ್ದೂ ಕೇಳುತ್ತಿತ್ತು.

ಎರಡನೇದು ಗುಂಬೊರೊ. ರೋಗದಿಂದ ಸೊರಗಿದ ಕೋಳಿಗಳು ಸತ್ತಿವೆ, ಹಾಗಾಗಿ ಕೆಲವನ್ನಾದರೂ ರೋಗದ ಲೆಕ್ಕಕ್ಕೆ ಹಾಕಬೇಕು ಅಂದರು. ಇಲ್ಲಿ ಕೆಲಸಕ್ಕೆ ಬಂದದ್ದು ಅಲಾರಂ ಪೆಟ್ಟಿಗೆ. ಅದಕ್ಕೆ ಸ್ವಂತ ಬ್ಯಾಟರಿ, ಕರೆಂಟ್ ಹೋದರೂ ಐದು ನಿಮಿಷಕ್ಕೊಮ್ಮೆ ಶೆಡ್‌ನ ಉಷ್ಣತೆ ಬರೆದಿಟ್ಟುಕೊಳ್ಳುತ್ತದೆ. 2:10ಕ್ಕೆ 29 ಡಿಗ್ರಿ, ಕರೆಂಟ್ ಕಡಿತದ ಸಂದೇಶ. 2:35ಕ್ಕೆ 38. ಆಮೇಲೆ ಬಾಗಿಲು ತೆಗೆದಾಗ ನಿಧಾನವಾಗಿ ಇಳಿದ ಗೆರೆ. ಅದರ ಪಕ್ಕದಲ್ಲಿ ದಿನದ ಸಾವಿನ ಪಟ್ಟಿ: ಗುಂಬೊರೊ ಇಳಿದ ಮೇಲೆ ಬೆಂಕಿಯ ಹಿಂದಿನ ದಿನ ಸತ್ತದ್ದು ಏಳು. ಮೊದಲೇ ಕಳಿಸಿದ್ದ ಮೇಲ್‌ನಿಂದಾಗಿ ರೋಗದ ಪಟ್ಟಿಯನ್ನು ಆಮೇಲೆ ತಿದ್ದಿದ್ದಾರೆ ಅನ್ನಲು ಅವರಿಗೆ ದಾರಿ ಇರಲಿಲ್ಲ. ಇದಕ್ಕೆ ಪೋಸ್ಟ್‌ಮಾರ್ಟಂನ "ಕಾಣಲಿಲ್ಲ" ಸಾಲುಗಳು ಸೇರಿದವು. ಎರಡನೇ ಕರಡಿನಲ್ಲಿ 2,700 ಕೋಳಿ ಪೂರ್ತಿ ಬೆಂಕಿಯ ಲೆಕ್ಕಕ್ಕೆ ಬಂದವು. ಒಂದನೇ ಶೆಡ್‌ನ 4,600ಕ್ಕೆ ತಕರಾರೇ ಇರಲಿಲ್ಲ, 10 ಶೇಕಡಾ ಕಳೆದು 4,140.

ರೋಗದ ಗುಡ್ಡೆ ಸಣ್ಣದು, ಕಾಗದ ಮಾತ್ರ ಜಾಸ್ತಿ. ಗುಂಬೊರೊ, ಕೊಕ್ಕರೆ ರೋಗ, ಇಂಥವಕ್ಕೆಲ್ಲ ಲಸಿಕೆ ಹಾಕಿಸಿದ್ದರೆ ಮಾತ್ರ ವಿಮೆ. ಹಾಕಿಸಿದ್ದೀವಿ ಅಂತ ಬಾಯಲ್ಲಿ ಹೇಳಿದರೆ ಸಾಲದು. ನಮ್ಮ ಹುಡುಗನಿಗೆ ಖಾಲಿ ಲಸಿಕೆ ಬಾಟಲಿಯ ಲೇಬಲ್ ಕಿತ್ತು ರಿಜಿಸ್ಟರ್‌ಗೆ ಅಂಟಿಸುವ ಅಭ್ಯಾಸ. 14ನೇ ದಿನದ ಪುಟದಲ್ಲಿ ನೀರು ತಾಗಿ ಮಸುಕಾದ ಲೇಬಲ್‌ಗಳು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು, ಪಕ್ಕದಲ್ಲಿ ಕೊಟ್ಟ ಹೊತ್ತು. ಬಿಲ್‌ನ ಬ್ಯಾಚ್ ನಂಬರ್‌ಗೆ ಅದು ತಾಳೆಯಾಯಿತು. ಫ್ರಿಜ್‌ನ ಉಷ್ಣತೆ ಬರೆದಿದ್ದೀರಾ ಅಂತಲೂ ಕೇಳಿದರು. ಅದು ನಮ್ಮಲ್ಲಿರಲಿಲ್ಲ, ತಂದ ದಿನವೇ ಹಾಕಿದ್ದರಿಂದ ಬಿಟ್ಟರು. ಇನ್ನೊಂದು ಷರತ್ತು ಕಾಯುವ ಅವಧಿ. ಮರಿ ಬಂದ ಮೊದಲ ಎರಡು ವಾರದಲ್ಲಿ ಬಂದ ರೋಗ ನಮ್ಮ ಪಾಲಿಸಿಯಲ್ಲಿ ಇಲ್ಲ. ನಮ್ಮದು ಅದನ್ನು ದಾಟಿತ್ತು.

ಬೆಂಕಿಯ ನಂತರದ ದಿನಗಳಲ್ಲಿ ಎರಡನೇ ಶೆಡ್‌ನಲ್ಲಿ ಇನ್ನೂ 230 ಕೋಳಿ ಸತ್ತವು. ಕೊಯ್ದರೆ ಹೃದಯ ಮತ್ತು ಪಿತ್ತಜನಕಾಂಗದ ಮೇಲೆ ಬಿಳಿ ಪೊರೆ. ಇ. ಕೋಲೈ ಸೋಂಕು. ಶಾಖಕ್ಕೆ ನಲುಗಿದ್ದರಿಂದ ಬಂದದ್ದು, ಇದನ್ನೂ ಬೆಂಕಿಗೆ ಸೇರಿಸಿ ಅಂತ ಕೇಳಿದೆವು. ಒಪ್ಪಲಿಲ್ಲ. ಗುಂಬೊರೊ ಬಂದು ಹೋದ ಕೋಳಿಗೆ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ, ಇ. ಕೋಲೈ ಅದರ ಹಿಂದೆಯೂ ಬರುತ್ತದೆ. ಎರಡೂ ಕಾರಣ ಇರಬಹುದು ಅಂತ ನಮ್ಮ ಡಾಕ್ಟರೇ ಬರೆದರು, ಅವರು ಬರೆಯಬೇಕಾದದ್ದೂ ಅದೇ. ಹಾಗಾಗಿ ಇವು ರೋಗದ ಗುಡ್ಡೆಗೆ ಹೋದವು. ರೋಗಕ್ಕೆ ಶೆಡ್‌ನ ಮೊದಲ 5 ಶೇಕಡಾ ಸಾವು, ಅಂದರೆ 400 ಕೋಳಿ, ನಮ್ಮ ತಲೆಗೆ. ಸಹಜ ಸಾವೂ ಇದರಲ್ಲೇ ಸೇರುತ್ತದೆ. ಬೆಂಕಿಗೆ ಮೊದಲು ಗುಂಬೊರೊ ಸೇರಿ 330, ಆಮೇಲೆ 230, ಒಟ್ಟು 560. ಸಿಕ್ಕಿದ್ದು 160 ಕೋಳಿಗೆ.

ಇನ್ನು ಒಂದು ಕೋಳಿಗೆ ಎಷ್ಟು? ಮಾರುಕಟ್ಟೆ ದರ ಅಲ್ಲ. ಪಾಲಿಸಿಯ ಹಿಂದೆ ವಾರವಾರದ ಒಂದು ಪಟ್ಟಿ ಇರುತ್ತದೆ, ಮರಿಯ ಬೆಲೆಗೆ ಅಲ್ಲಿಯವರೆಗೆ ತಿಂದ ಫೀಡ್‌ನ ಬೆಲೆ ಸೇರಿಸಿದ್ದು. 31 ದಿನದ ಕೋಳಿ ಎರಡೂವರೆ ಕಿಲೋ ಫೀಡ್ ತಿಂದಿರುತ್ತದೆ, ಐದನೇ ವಾರದ ಸಾಲು ಅದಕ್ಕೆ. 28ನೇ ದಿನ ಸತ್ತಿದ್ದರೆ ನಾಲ್ಕನೇ ವಾರದ ಬೆಲೆ. ತೊಂದರೆ ಏನೆಂದರೆ ಆ ಪಟ್ಟಿ ಪಾಲಿಸಿ ಮಾಡಿದ ದಿನದ ಫೀಡ್ ಬೆಲೆಯದ್ದು. ಆಮೇಲೆ ಫೀಡ್ ಏರಿತ್ತು, ಪಟ್ಟಿ ಏರಿರಲಿಲ್ಲ. ಪ್ರತಿ ಬ್ಯಾಚ್‌ಗೂ ಪಟ್ಟಿ ತಿದ್ದಿಸಿಕೊಳ್ಳಲು ಬರುತ್ತದೆ ಅಂತ ನಮಗೆ ಹೇಳಿದ್ದು ಸರ್ವೇಯರ್, ಅದೂ ಸಹಿ ಹಾಕಿಸಿಕೊಳ್ಳುವಾಗ.

ದುಡ್ಡು ಬಂತು ಅಂತ ಸಂದೇಶ ನೋಡಿ ಖುಷಿಪಟ್ಟರೆ, ಕಟ್ಟಡದ ಪಾಲು ನೇರ ಸಾಲದ ಖಾತೆಗೆ ಹೋಗಿತ್ತು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಹಾಗೇ. ಶೆಡ್ ಮತ್ತೆ ಕಟ್ಟಲು ಅದನ್ನು ಬಿಡಿಸಿಕೊಳ್ಳೋದು ಇನ್ನೊಂದು ಸುತ್ತು ಅರ್ಜಿ. ಸಾಧ್ಯವಾದರೆ ಕ್ಲೇಮ್ ನಡೆಯುತ್ತಿರುವಾಗಲೇ ಬ್ಯಾಂಕಿಗೆ ಪತ್ರ ಕೊಟ್ಟಿಡಿ. ಶೆಡ್ ಖಾಲಿ ಬಿದ್ದಿದ್ದ ಕಾಲದ ಆದಾಯಕ್ಕೆ ಏನೂ ಇಲ್ಲ, ಅದಕ್ಕೆ ಬೇರೆಯೇ ವಿಮೆ ಬೇಕಂತೆ.

ನವೀಕರಣ ಮೊನ್ನೆ ಆಯಿತು. ಪ್ರೀಮಿಯಂ ಏರಿದೆ. ಹೊಸ ಷರತ್ತುಗಳೂ ಬಂದಿವೆ: ಎರಡು ಶೆಡ್‌ಗೂ ಬೇರೆ ಬೇರೆ ಪ್ಯಾನೆಲ್, ಚೇಂಜ್‌ಓವರ್ ಶೆಡ್‌ನಿಂದ ದೂರ ಇಟ್ಟಿಗೆ ಗೋಡೆಯ ರೂಮಿನಲ್ಲಿ, ವರ್ಷಕ್ಕೊಮ್ಮೆ ಶಾಖ ತೋರಿಸುವ ಕ್ಯಾಮೆರಾದಲ್ಲಿ ಟರ್ಮಿನಲ್‌ಗಳ ತಪಾಸಣೆ, ಪ್ಯಾನೆಲ್ ಧೂಳು ಒರೆಸಿದ ರಿಜಿಸ್ಟರ್. ಒಂದೂ ಅನ್ಯಾಯ ಅನ್ನಿಸಲಿಲ್ಲ. ಆದರೆ ಕರಡು ಪಾಲಿಸಿ ಓದುವಾಗ ವಿದ್ಯುತ್ ವೈಫಲ್ಯದ ಸಾಲಿನ ಬಾಲ ಕಾಣೆಯಾಗಿತ್ತು. "ವಿಮೆಯಿರುವ ಅಪಾಯದಿಂದ ಉಂಟಾದದ್ದನ್ನು ಬಿಟ್ಟು" ಅನ್ನೋದು ಇರಲೇ ಇಲ್ಲ. ಕೇಳಿದಾಗ ಹೊಸ ಮಾದರಿಯ ಪಾಲಿಸಿ ಹಾಗೇ ಬರುತ್ತದೆ ಅಂದರು. ಅದನ್ನು ಸೇರಿಸಿ ಕಳಿಸುವವರೆಗೆ ನಾನು ದುಡ್ಡು ಕಟ್ಟಲಿಲ್ಲ. ಈಗ ಅದು ಬೇರೆ ಹಾಳೆಯಲ್ಲಿ, ಅವರ ಸೀಲು ಸಹಿಯೊಂದಿಗೆ ಪಾಲಿಸಿಗೆ ಪಿನ್ ಆಗಿದೆ.